ಬೇನೆಯ ಸೂಟಿಯ ನಾಲ್ಕು ಸಾಲು

(ಅಮರಗೋಳದ ಮಾರುಕಟ್ಟೆ ಪ್ರಾಂಗಣದಲ್ಲಿ ಗುಮಾಸ್ತರು, ಹಮಾಲರು, ಗಿರಣಿ ಕೆಲಸಗಾರರು ಹಾಗೂ ಸಣ್ಣ ವ್ಯಾಪಾರಸ್ಥರು ಕೂಡಿದ್ದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣದ ಪಾಠ)

ಇಂದು ನಾವು ಮಾತನಾಡಬೇಕೆಂದಿರುವುದು ಒಂದು ಸಣ್ಣ ಚೀಟಿಯ ವಿಷಯ. ರಾತ್ರಿ ಮೈ ಕೆಟ್ಟು, ಬೆಳಿಗ್ಗೆ ಕೆಲಸಕ್ಕೆ ಹೋಗಲಾಗದಿದ್ದಾಗ ಮಾಲಕನಿಗೋ ಮ್ಯಾನೇಜರನಿಗೋ ತಿಳಿಸುವ ನಾಲ್ಕು ಸಾಲಿನ ಮಾತು. ಮೊದಲು ಅದು ಕಾಗದದ ಚೀಟಿಯಾಗಿತ್ತು, ತಮ್ಮನೋ ಮಗನೋ ಒಯ್ದು ಕೊಡುತ್ತಿದ್ದರು. ಈಗ ಮೊಬೈಲಿನಲ್ಲಿ ಹೋಗುತ್ತದೆ. ದಾರಿ ಬದಲಾಗಿದೆ, ಚೀಟಿಯ ಕೆಲಸ ಬದಲಾಗಿಲ್ಲ. ಇಷ್ಟು ಬರೆಯಲು ಭಾಷಣವೇಕೆ ಎಂದು ನೀವು ಕೇಳಬಹುದು. ಇಷ್ಟು ಸರಿಯಾಗಿ ಬರೆಯದೆ ಒಂದು ದಿನದ ಪಗಾರ ಕಳೆದುಕೊಂಡವರನ್ನು ನಾವು ಕಂಡಿದ್ದೇವೆ. ಮಾತು ಮುಟ್ಟಿಸದೆ ನೌಕರಿಯನ್ನೇ ಕಳೆದುಕೊಂಡವನ ಕಥೆಯೂ ಕೋರ್ಟಿನ ಪುಸ್ತಕದಲ್ಲಿದೆ. ಅದನ್ನು ಮುಂದೆ ಹೇಳುತ್ತೇವೆ. ಮೊದಲು ಇಲ್ಲಿಯದೇ ಒಂದು ಸಂಗತಿ.

ಇದೇ ಪ್ರಾಂಗಣದ ಒಂದು ದಲಾಲಿ ಅಂಗಡಿಯ ಗುಮಾಸ್ತ ನಮ್ಮ ಕಡೆಗೆ ಬಂದಿದ್ದ. ಅಂಗಡಿಯ ಹೆಸರು ಬೇಡ, ಅವನ ಹೆಸರೂ ಬೇಡ. ಉಳ್ಳಾಗಡ್ಡಿಯ ಸುಗ್ಗಿಯ ದಿನಗಳು. ನಸುಕಿನಲ್ಲೇ ಲಾರಿಗಳು ಬಂದು ನಿಲ್ಲುವ ಕಾಲ. ರಾತ್ರಿ ಎರಡು ಗಂಟೆಗೆ ಅವನಿಗೆ ಚಳಿಜ್ವರ ಬಂದಿತು. ಐದು ಗಂಟೆಗೆ ಎದ್ದು ಕುಳಿತು ಸಾಹುಕಾರನಿಗೆ ಬರೆದ. “ಸಿಟ್ಟಾಗಿ ಒಂದು ದಿನದ ಪಗಾರ ಮುರಿದರು, ನಾನು ಏನು ತಪ್ಪು ಬರೆದೆ, ನೀವೇ ನೋಡಿರಿ” ಎಂದು ಮೊಬೈಲನ್ನು ನಮ್ಮ ಮುಂದೆ ಇಟ್ಟ. ಅವನ ಒಪ್ಪಿಗೆಯಿಂದ ಅದನ್ನು ಇಲ್ಲಿ ಓದುತ್ತೇವೆ:

“ಸಾಹುಕಾರರೇ, ತಪ್ಪು ತಿಳಿಯಬೇಡಿರಿ. ನಿನ್ನೆ ಸಂಜೆ ಮನೆಗೆ ಹೋಗುವಾಗ ಮಳೆಯಲ್ಲಿ ನೆನೆದೆ. ದಾರಿಯಲ್ಲಿ ಗೆಳೆಯರು ಸಿಕ್ಕರು, ಗಿರ್ಮಿಟ್ಟು ಮಿರ್ಚಿ ತಿಂದೆವು, ಅದೇ ಬಾಧಿಸಿತೋ ಏನೋ. ರಾತ್ರಿ ಎರಡಕ್ಕೆ ಚಳಿ ಹತ್ತಿತು, ಹೊಟ್ಟೆಯೂ ಸರಿಯಿಲ್ಲ. ಮನೆಯಲ್ಲಿ ಹುಡುಗನಿಗೂ ಕೆಮ್ಮು ಇದೆ. ಬಹಳ ಬಹಳ ಕ್ಷಮಿಸಬೇಕು. ನನ್ನಿಂದ ಎಂದೂ ಹೀಗಾಗಿಲ್ಲ. ನಾಳೆ ಖಂಡಿತ ಬರುತ್ತೇನೆ. ಬೇಕಾದರೆ ಸೂಟಿಯ ದಿನವೂ ಬಂದು ಕೆಲಸ ಮುಗಿಸಿಕೊಡುತ್ತೇನೆ. ದಯಮಾಡಿ ಸಿಟ್ಟಾಗಬೇಡಿರಿ.”

ಇದರಲ್ಲಿ ಒಂದು ಸುಳ್ಳೂ ಇಲ್ಲ. ಆದರೂ ಕೆಲಸ ಕೆಟ್ಟಿತು. ಹೇಗೆಂದರೆ, ಗೋದಾಮಿನ ಕೀಲಿ ಅವನ ಕಿಸೆಯಲ್ಲೇ ಇದ್ದಿತು. ಹಿಂದಿನ ದಿನದ ರೈತರ ಲೆಕ್ಕದ ಪಟ್ಟಿಗಳು ಎಲ್ಲಿವೆ ಎಂಬುದು ಅವನೊಬ್ಬನಿಗೇ ಗೊತ್ತು. ಇಷ್ಟುದ್ದ ಬರೆದವನು ಈ ಎರಡನ್ನು ಮಾತ್ರ ಬರೆಯಲಿಲ್ಲ. ಏಳು ಗಂಟೆಗೆ ಲಾರಿಗಳು ಸಾಲಾಗಿ ನಿಂತಿವೆ, ಹಮಾಲರು ಕೈಕಟ್ಟಿ ಕುಳಿತಿದ್ದಾರೆ, ಪಟ್ಟಿಗಾಗಿ ಬಂದ ರೈತ ಬಾಗಿಲಲ್ಲಿ ನಿಂತಿದ್ದಾನೆ. ಸಾಹುಕಾರ ಮೊಬೈಲು ತೆಗೆದು ನೋಡಿದರೆ ಕಣ್ಣಿಗೆ ಬಿದ್ದದ್ದು ಮಿರ್ಚಿ! “ಗೆಳೆಯರ ಕೂಡ ಮಿರ್ಚಿ ತಿನ್ನಲಿಕ್ಕೆ ಮೈಯಾಗ ಕಸುವು ಇತ್ತು, ಕೆಲಸಕ್ಕ ಬರಲಿಕ್ಕೆ ಇಲ್ಲ” ಎಂದು ಅವರು ಅಂಗಡಿಯ ಮುಂದೆ ಕೂಗಾಡಿದರಂತೆ. ಮರುದಿನವೂ ಜ್ವರ ಬಿಡಲಿಲ್ಲ. “ಖಂಡಿತ ಬರುತ್ತೇನೆ” ಎಂದು ಬರೆದುಕೊಟ್ಟವನು ಬರಲಿಲ್ಲ. ಮೊದಲ ದಿನ ಬೇನೆಯೆಂದು ತೋರಿದ್ದು ಎರಡನೆಯ ದಿನ ನೆವವೆಂದು ತೋರಿತು.

ಸಾಹುಕಾರ ಮಾಡಿದ್ದು ಸರಿಯೆಂದು ನಾವು ಹೇಳುತ್ತಿಲ್ಲ. ಜ್ವರ ಬಂದವನ ಪಗಾರ ಮುರಿಯುವುದು ತಪ್ಪು, ಅದು ಕಾಯ್ದೆಗೂ ವಿರುದ್ಧ. ಆದರೆ ನಮ್ಮ ಕಡೆಯಿಂದ ಆದುದೇನು ಎಂಬುದನ್ನೂ ನೋಡೋಣ.

ಬೆಳಗಿನ ಹೊತ್ತು ಕೆಲಸ ನಡೆಸಬೇಕಾದವನ ತಲೆಯಲ್ಲಿ ಮೂರೇ ಪ್ರಶ್ನೆಗಳಿರುತ್ತವೆ. ಇವನು ಇಂದು ಬರುತ್ತಾನೋ ಇಲ್ಲವೋ? ಎಷ್ಟು ದಿನ ಬರುವುದಿಲ್ಲ? ಇವನ ಕೈಯಲ್ಲಿರುವ ಕೆಲಸದ ಗತಿಯೇನು? ಗಿರಣಿಯಲ್ಲಾದರೆ ಮಗ್ಗವೋ ಯಂತ್ರವೋ ಖಾಲಿ ನಿಲ್ಲುತ್ತದೆ. ಮುಕಾದಮನು ಪಾಳಿ ಹತ್ತುವ ಮುಂಚೆ ಬದಲಿಯವನನ್ನು ಹುಡುಕಬೇಕು. ಹಮಾಲರ ಗುಂಪಿನಲ್ಲಾದರೆ ಒಬ್ಬ ಕಡಿಮೆಯಾದರೆ ಉಳಿದವರ ಹೆಗಲಿಗೆ ಚೀಲ ಹೆಚ್ಚು. ಈ ಮೂರಕ್ಕೆ ಉತ್ತರ ಕೊಟ್ಟ ಚೀಟಿ ಪೂರ್ಣವಾದ ಚೀಟಿ. ಇವಕ್ಕೆ ಉತ್ತರ ಕೊಡದ ಚೀಟಿ ಎರಡು ಪುಟವಿದ್ದರೂ ಅಪೂರ್ಣ.

ಅದೇ ಗುಮಾಸ್ತನನ್ನು ಕೂಡಿಸಿಕೊಂಡು ಅದೇ ಸಂಗತಿಯನ್ನು ನಾವು ಮತ್ತೊಮ್ಮೆ ಬರೆದೆವು. ಹೀಗಾಯಿತು:

“ಸಾಹುಕಾರರಿಗೆ ನಮಸ್ಕಾರ. ರಾತ್ರಿಯಿಂದ ಜ್ವರ ಬಂದಿದೆ, ಇಂದು ಮಂಗಳವಾರ ಕೆಲಸಕ್ಕೆ ಬರಲಾಗುವುದಿಲ್ಲ. ದವಾಖಾನೆಗೆ ಹೋಗಿ ತೋರಿಸಿ, ನಾಳಿನ ವಿಷಯ ಸಂಜೆ ಆರರೊಳಗೆ ತಿಳಿಸುತ್ತೇನೆ. ಗೋದಾಮಿನ ಕೀಲಿಯನ್ನು ತಮ್ಮನ ಕೈಯಲ್ಲಿ ಆರೂವರೆಗೆ ಕಳಿಸುತ್ತೇನೆ, ನಿನ್ನೆಯ ಪಟ್ಟಿಗಳು ಮೇಜಿನ ಎಡಖಾನೆಯಲ್ಲಿವೆ. ಮುಂಚಿತವಾಗಿ ತಿಳಿಸಲಾಗಲಿಲ್ಲ, ಕ್ಷಮಿಸಬೇಕು.”

ಮಳೆ ಹೋಯಿತು, ಗೆಳೆಯರು ಹೋದರು, ಮಿರ್ಚಿ ಹೋಯಿತು, ಹುಡುಗನ ಕೆಮ್ಮು ಹೋಯಿತು. ಕೀಲಿ ಬಂದಿತು, ಪಟ್ಟಿ ಬಂದಿತು. ಇಷ್ಟೇ ವ್ಯತ್ಯಾಸ. ಆದರೆ ಇದರೊಳಗಿನ ಎರಡು ಮಾತುಗಳನ್ನು ಬಿಡಿಸಿ ಹೇಳಬೇಕು. ಒಂದು ಕ್ಷಮೆಯ ಮಾತು, ಇನ್ನೊಂದು ನಾಳೆಯ ಮಾತು.

ಕ್ಷಮೆಯನ್ನು ಯಾವುದಕ್ಕೆ ಕೇಳಿದೆವು ನೋಡಿರಿ. ಜ್ವರ ಬಂದುದಕ್ಕೆ ಕೇಳಲಿಲ್ಲ. ಜ್ವರ ಯಾರ ತಪ್ಪೂ ಅಲ್ಲ. ಹೊತ್ತಿಗೆ ಮುಂಚೆ ತಿಳಿಸಲಾಗದೆ ಹೋಯಿತಲ್ಲ, ಅದರಿಂದ ಇನ್ನೊಬ್ಬನಿಗೆ ತ್ರಾಸಾಯಿತು. ಅದಕ್ಕೆ ಕೇಳಿದೆವು. ಆ ಕ್ಷಮೆ ನ್ಯಾಯವಾದುದು, ಒಮ್ಮೆ ಕೇಳಿದರೆ ಸಾಕು. ಬೇನೆಗೇ ಕ್ಷಮೆ ಕೇಳಲು ಹತ್ತಿದರೆ ಅದು ಒಂದಕ್ಕೆ ನಿಲ್ಲುವುದಿಲ್ಲ. “ಬಹಳ ಬಹಳ” ಎನ್ನಬೇಕಾಗುತ್ತದೆ, “ಎಂದೂ ಹೀಗಾಗಿಲ್ಲ” ಎನ್ನಬೇಕಾಗುತ್ತದೆ, ಕೊನೆಗೆ ಸೂಟಿಯ ದಿನದ ದುಡಿಮೆಯನ್ನು ದಂಡವಾಗಿ ತಾವೇ ಒಪ್ಪಿಕೊಳ್ಳಬೇಕಾಗುತ್ತದೆ. ಓದುವವನಿಗೆ ಏನು ಅನಿಸುತ್ತದೆ? ಇಷ್ಟು ಬೇಡಿಕೊಳ್ಳುತ್ತಾನಲ್ಲ, ಏನೋ ತಪ್ಪು ಮಾಡಿರಬೇಕು ಎಂದೇ ಅನಿಸುತ್ತದೆ. ನಮ್ಮ ಗುಮಾಸ್ತನಿಗೆ ಆದುದು ಇದೇ. ಹಾಗೆಂದು ಕ್ಷಮೆಯ ಆ ಒಂದು ಮಾತನ್ನೂ ಬಿಟ್ಟು “ಇಂದು ಬರುವುದಿಲ್ಲ” ಎಂದಷ್ಟೇ ಬರೆದರೆ ಅದು ಒರಟಾಗುತ್ತದೆ. ನಾಳೆ ಅದೇ ಮನುಷ್ಯನ ಎದುರು ಕುಳಿತು ದುಡಿಯಬೇಕಾದವರು ನಾವು.

ಇನ್ನು ನಾಳೆಯ ಮಾತು. ಜ್ವರವು ಎಂದು ಬಿಡುತ್ತದೆಂಬುದು ಡಾಕ್ಟರಿಗೇ ಮೊದಲ ದಿನ ತಿಳಿಯುವುದಿಲ್ಲ. ನಾವು “ನಾಳೆ ಖಂಡಿತ” ಎಂದು ಬರೆದುಕೊಡುವುದು ನಮ್ಮ ಕೈಯಲ್ಲಿಲ್ಲದ ವಸ್ತುವನ್ನು ಒತ್ತೆಯಿಟ್ಟಂತೆ. ಆದರೆ “ಸಂಜೆ ಆರರೊಳಗೆ ತಿಳಿಸುತ್ತೇನೆ” ಎಂಬುದು ನಮ್ಮ ಕೈಯಲ್ಲಿರುವ ಮಾತು. ಸಂಜೆ ಆರಕ್ಕೆ ಜ್ವರವಿದ್ದರೂ ಎರಡು ಸಾಲು ಬರೆಯಬಹುದು, ಬರೆಯಲೇಬೇಕು. ಮೇಲಾಗಿ ಆರಕ್ಕೆ ತಿಳಿಸಿದರೆ ಮರುದಿನದ ಬದಲಿಯನ್ನು ನೋಡಿಕೊಳ್ಳಲು ಅವರಿಗೆ ಇಡೀ ರಾತ್ರಿ ಸಿಗುತ್ತದೆ. ಎರಡನೆಯ ದಿನದ ಚೀಟಿಗೆ ಕ್ಷಮೆಯೂ ಬೇಡ: “ಡಾಕ್ಟರು ಗುರುವಾರದವರೆಗೆ ವಿಶ್ರಾಂತಿ ಹೇಳಿದ್ದಾರೆ, ಚೀಟಿ ಕೊಟ್ಟಿದ್ದಾರೆ, ಬರುವಾಗ ತರುತ್ತೇನೆ” ಎಂದರಾಯಿತು.

ಬೇನೆಯ ಹೆಸರನ್ನು ಎಷ್ಟು ಬಿಡಿಸಿ ಹೇಳಬೇಕು? ಜ್ವರ, ವಾಂತಿಭೇದಿ, ಸೊಂಟನೋವು, ಇಂಥ ಒಂದು ಮಾತು ಸಾಕು. ಹೆಣ್ಣುಮಕ್ಕಳು ತಮ್ಮ ಬೇನೆಯನ್ನು ಹೇಳಲು ಸಂಕೋಚಪಟ್ಟರೆ “ಮೈ ಸರಿಯಿಲ್ಲ” ಎಂದರೂ ಸಾಕು. ಎರಡು ಸಂದರ್ಭಗಳಲ್ಲಿ ಮಾತ್ರ ಬಿಡಿಸಿ ಹೇಳಬೇಕು. ಕಣ್ಣುಬೇನೆಯಂಥ ಅಂಟುವ ರೋಗವಾಗಿದ್ದರೆ, ಪಕ್ಕದಲ್ಲಿ ಕುಳಿತು ದುಡಿಯುವವರ ಸಲುವಾಗಿ ಹೇಳಬೇಕು. ಇನ್ನೊಂದು, ಕೆಲಸದ ಜಾಗದಲ್ಲೇ ಪೆಟ್ಟಾಗಿದ್ದರೆ. ಇದನ್ನು ಹಮಾಲ ಬಂಧುಗಳೂ ಗಿರಣಿಯವರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಿನ್ನೆ ಮಧ್ಯಾಹ್ನ ಚೀಲ ಜಾರಿ ಕಾಲ ಮೇಲೆ ಬಿದ್ದಿದ್ದರೆ, ಮರುದಿನ “ಕಾಲು ನೋವು, ಬರಲಾಗದು” ಎಂದು ಬರೆಯಬೇಡಿರಿ. ಅದು ಬೇನೆಯ ಸೂಟಿಯಲ್ಲ, ಅಪಘಾತ. ಎಲ್ಲಿ, ಎಷ್ಟು ಗಂಟೆಗೆ, ಏನು ಬಿದ್ದು ಪೆಟ್ಟಾಯಿತು, ಯಾರು ನೋಡಿದರು ಎಂಬುದನ್ನು ಬರೆಯಬೇಕು. ಕೆಲಸದಲ್ಲಿ ಆದ ಪೆಟ್ಟಿಗೆ ಸಿಗುವ ಪರಿಹಾರವೇ ಬೇರೆ. ಸಂಕೋಚಕ್ಕೆ ಬರೆದ ಆ “ಕಾಲು ನೋವು” ಎಂಬ ಎರಡು ಮಾತೇ ಮುಂದೆ ನಮ್ಮ ವಿರುದ್ಧ ಸಾಕ್ಷಿಯಾಗಬಹುದು.

ಈಗ ಕೋರ್ಟಿನ ಕಥೆಗೆ ಬರೋಣ. ಮದರಾಸಿನಲ್ಲಿ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಎಂಬ ದೊಡ್ಡ ಬಟ್ಟೆ ಗಿರಣಿ ಇದ್ದಿತು. ಅಲ್ಲಿ ವೆಂಕಟಯ್ಯನೆಂಬ ಕೆಲಸಗಾರ. 1957ರ ಜನವರಿಯಲ್ಲಿ ಅವನು ಕೆಲವು ದಿನಗಳ ಸೂಟಿ ಪಡೆದು ಊರಿಗೆ ಹೋದ. ಊರಲ್ಲಿ ಬೇನೆ ಬಿದ್ದ. ಸೂಟಿ ಮುಗಿಯಿತು, ಅವನು ಬರಲಿಲ್ಲ. ಬರಲಾರೆನೆಂದು ಗಿರಣಿಗೆ ಒಂದು ಕಾಗದವನ್ನೂ ಹಾಕಲಿಲ್ಲ. ಮಾರ್ಚಿನಲ್ಲಿ ಸರಕಾರಿ ಡಾಕ್ಟರ ಚೀಟಿಯೊಡನೆ ಕೆಲಸ ಕೇಳಿದ. ಗಿರಣಿಯ ನಿಯಮಾವಳಿಯಲ್ಲಿ ಒಂದು ಕಲಮು ಇದ್ದಿತು. ಸೂಟಿಯಿಲ್ಲದೆ ಸತತವಾಗಿ ಎಂಟು ಕೆಲಸದ ದಿನ ಬಾರದವನು ತಾನಾಗಿಯೇ ನೌಕರಿ ಬಿಟ್ಟನೆಂದು ತಿಳಿಯಬೇಕು, ಆಡಳಿತಕ್ಕೆ ಸಮಾಧಾನವಾಗುವ ಕಾರಣ ಕೊಟ್ಟರೆ ಮಾತ್ರ ಅದನ್ನು ಪಗಾರಿಲ್ಲದ ಸೂಟಿಯೆಂದು ಎಣಿಸಬಹುದು ಎಂದು. ಗಿರಣಿಯ ಡಾಕ್ಟರು, ಇವನು ಅಷ್ಟು ದಿನ ಬೇನೆ ಬಿದ್ದಿದ್ದನೆಂದು ತಾವು ಹೇಳಲಾರೆವು ಎಂದರು. ಬಾಗಿಲು ಮುಚ್ಚಿತು.

ಇದರಲ್ಲಿ ವಿಚಿತ್ರವೇನೆಂದರೆ, ಕಾರ್ಮಿಕರ ರಾಜ್ಯ ವಿಮಾ ನಿಗಮವು ಅದೇ ಡಾಕ್ಟರ ಚೀಟಿಯನ್ನು ಒಪ್ಪಿ ಅವನಿಗೆ ಬೇನೆಯ ಭತ್ಯೆ ಕೊಟ್ಟಿತ್ತು. ಅಂದರೆ ಬೇನೆ ನಿಜವೆಂದು ಒಂದು ಕಚೇರಿ ಹಣ ಕೊಟ್ಟು ಒಪ್ಪಿಕೊಂಡಿತು. ವಿಮೆಯ 1948ರ ಕಾಯ್ದೆಯ 73ನೆಯ ಕಲಮಿನಲ್ಲಿ, ಬೇನೆಯ ಭತ್ಯೆ ಪಡೆಯುತ್ತಿರುವ ಕಾಲದಲ್ಲಿ ಕೆಲಸಗಾರನನ್ನು ತೆಗೆಯಬಾರದು, ಶಿಕ್ಷಿಸಬಾರದು ಎಂದಿತ್ತು. ಅದನ್ನೇ ಹಿಡಿದು ವ್ಯಾಜ್ಯವು ಸುಪ್ರೀಮ್ ಕೋರ್ಟಿನವರೆಗೆ ಹೋಯಿತು. 1963ರಲ್ಲಿ ತೀರ್ಪು ಬಂದಿತು. ಬರೆದವರು ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲೂ ಓದಿದ್ದ ನ್ಯಾಯಮೂರ್ತಿ ಗಜೇಂದ್ರಗಡಕರ ಅವರು. ತೀರ್ಪು ಕೆಲಸಗಾರನ ವಿರುದ್ಧವಾಯಿತು. ಗಿರಣಿಯು ಅವನನ್ನು ಶಿಕ್ಷಿಸಲಿಲ್ಲ, ಎಂಟು ದಿನ ಬಾರದುದರಿಂದ ನಿಯಮದ ಪ್ರಕಾರ ನೌಕರಿ ತಾನಾಗಿಯೇ ಮುಗಿಯಿತು, ಆದುದರಿಂದ 73ನೆಯ ಕಲಮು ಇಲ್ಲಿಗೆ ತಗಲುವುದಿಲ್ಲ ಎಂದರು.

ಬಂಧುಗಳೇ, ಆ ತೀರ್ಪು ಕಠಿಣವಾದುದೆಂದೇ ನಮ್ಮ ಅಭಿಪ್ರಾಯ. ಆದರೆ ಅದರಲ್ಲಿ ಕಣ್ಣಿಗೆ ಕಾಣುವ ಸಂಗತಿ ಒಂದಿದೆ. ವೆಂಕಟಯ್ಯನ ಕೈಯಲ್ಲಿ ಬೇನೆಯ ಪುರಾವೆ ಇತ್ತು. ಇಲ್ಲದಿದ್ದುದು ತಿಳಿಸಿದ ಪುರಾವೆ. ಆ ಮೊದಲ ಎಂಟು ದಿನಗಳೊಳಗೆ “ಊರಲ್ಲಿ ಬೇನೆ ಬಿದ್ದಿದ್ದೇನೆ, ಸೂಟಿ ಮುಂದುವರಿಸಬೇಕು” ಎಂದು ಒಂದು ಕಾರ್ಡು ಹೋಗಿದ್ದರೆ, ತಾನಾಗಿಯೇ ನೌಕರಿ ಬಿಟ್ಟನೆಂದು ಹೇಳುವುದು ಗಿರಣಿಗೆ ಅಷ್ಟು ಸುಲಭವಾಗುತ್ತಿರಲಿಲ್ಲ.

ಮುಂದೆ ಕಾಯ್ದೆ ಮೃದುವಾಯಿತು. 1993ರಲ್ಲಿ ಡಿ. ಕೆ. ಯಾದವ್ ಎಂಬ ಕೆಲಸಗಾರನ ವ್ಯಾಜ್ಯದಲ್ಲಿ ಅದೇ ಸುಪ್ರೀಮ್ ಕೋರ್ಟು, ಇಂಥ ಎಂಟು ದಿನದ ನಿಯಮವಿದ್ದರೂ ಕೆಲಸಗಾರನ ಮಾತು ಕೇಳದೆ, ವಿಚಾರಣೆ ಮಾಡದೆ ಹೆಸರು ಹೊಡೆಯುವಂತಿಲ್ಲವೆಂದು ಹೇಳಿತು. ಅವನನ್ನು ಅರ್ಧ ಹಿಂಬಾಕಿ ಪಗಾರದೊಡನೆ ಕೆಲಸಕ್ಕೆ ತೆಗೆದುಕೊಳ್ಳುವಂತೆ ಆಜ್ಞೆಯಾಯಿತು. ಹೀಗಾಗಿ ಇಂದು ಹೆಸರು ತಾನಾಗಿಯೇ ಅಳಿಸಿಹೋಗುವುದಿಲ್ಲ. ಆದರೆ ಆ ವಿಚಾರಣೆಯಲ್ಲಿ ಕೇಳುವ ಮೊದಲ ಪ್ರಶ್ನೆ ಯಾವುದು? “ಬಾರದಿರುವುದನ್ನು ಯಾರಿಗೆ, ಯಾವಾಗ ತಿಳಿಸಿದೆ?” ಎಂಬುದೇ.

ಆದುದರಿಂದ ಚೀಟಿಯನ್ನು ಯಾರಿಗೆ ಕಳಿಸಬೇಕೆಂಬುದು ಏನು ಬರೆಯಬೇಕೆಂಬಷ್ಟೇ ಮುಖ್ಯ. ಸೂಟಿ ಕೊಡುವ ಅಧಿಕಾರ ಯಾರಿಗಿದೆಯೋ ಅವರಿಗೇ ನೇರವಾಗಿ ಹೋಗಬೇಕು. ಜೊತೆಗಾರರ ಗುಂಪಿನಲ್ಲಿ ಹಾಕಿದರೆ ಸಾಲದು, “ಅವನಿಗೆ ಹೇಳಿ ಕಳಿಸಿದ್ದೆ” ಎಂದರೂ ಸಾಲದು. ಹೇಳಿ ಕಳಿಸಿದವನು ಮರೆತರೆ ಬೇನೆಯೂ ನಮ್ಮದೇ, ತಪ್ಪೂ ನಮ್ಮದೇ. ಬಾಯಿಮಾತಿನಲ್ಲಿ ಫೋನು ಮಾಡಿದ್ದರೆ, ಹಿಂದಿನಿಂದ “ಈಗ ಫೋನಿನಲ್ಲಿ ತಿಳಿಸಿದಂತೆ ಇಂದು ಜ್ವರದಿಂದ ಬರುವುದಿಲ್ಲ” ಎಂದು ಒಂದು ಸಾಲು ಬರೆದುಬಿಡಬೇಕು. ಆ ಸಾಲಿನ ಮೇಲೆ ತಾರೀಖು, ಗಂಟೆ ಎರಡೂ ತಾವಾಗಿಯೇ ಬೀಳುತ್ತವೆ. ಅದನ್ನು ಅಳಿಸಬಾರದು. ಪಾಳಿಗೆ ಒಂದು ತಾಸು ಮೊದಲೇ ಹೋದರೆ ಒಳಿತು. ಮೈಮೇಲೆ ಎಚ್ಚರವಿಲ್ಲದಷ್ಟು ಜ್ವರವಿದ್ದರೆ ಮನೆಯವರು ಬರೆಯಲಿ, ಆದರೆ ತಾವು ಯಾರೆಂಬುದನ್ನೂ ಬರೆಯಲಿ.

ಪಗಾರದ ಮಾತನ್ನೂ ಹೇಳಿಬಿಡುತ್ತೇವೆ. ಅಂಗಡಿಗಳಲ್ಲಿ ದುಡಿಯುವವರಿಗೆ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ವರ್ಷಕ್ಕೆ 12 ದಿನ ಮೀರದಂತೆ ಬೇನೆಯ ಸೂಟಿಯನ್ನು ಪಗಾರಿನೊಡನೆ ಇಟ್ಟಿದೆ. ನಮ್ಮ ಗುಮಾಸ್ತನ ಎರಡು ದಿನ ಅದರಲ್ಲಿ ಹೋಗಬೇಕಾದುದು. ನಾವು ಸಾಹುಕಾರರ ಕಡೆಗೆ ಹೋಗಿ ಇದನ್ನು ಹೇಳಿದಾಗ, ಮೊದಲು ಗೊಣಗಿದರೂ ಮುರಿದ ಪಗಾರ ತಿರುಗಿ ಕೊಟ್ಟರು. ಗಿರಣಿ ಕಾರಖಾನೆಗಳಲ್ಲಿ ವಿಮೆಗೆ ಒಳಪಟ್ಟವರಿಗೆ ಬೇನೆಯ ಕಾಲದಲ್ಲಿ ಪಗಾರದ ನೂರಕ್ಕೆ 70ರಷ್ಟು ಭತ್ಯೆ ಉಂಟು. ಅದಕ್ಕೆ ವಿಮಾ ಡಾಕ್ಟರ ಚೀಟಿ ಬೇಕು, ಆರು ತಿಂಗಳ ಅವಧಿಯಲ್ಲಿ 78 ದಿನಗಳ ವಂತಿಗೆ ತುಂಬಿರಬೇಕು. ಆದರೆ ಒಂದು ಮಿತಿಯಿದೆ. ಬೇನೆಯ ಮೊದಲ ಎರಡು ದಿನಗಳಿಗೆ ಸಾಮಾನ್ಯವಾಗಿ ಈ ಭತ್ಯೆ ಬರುವುದಿಲ್ಲ. ಎಂದರೆ ಒಂದೆರಡು ದಿನದ ಜ್ವರಕ್ಕೆ ವಿಮೆಯ ಹಣವಿಲ್ಲ, ಕಾರಖಾನೆಯ ಸೂಟಿಯನ್ನೇ ಕೇಳಬೇಕು. ಆ ಸೂಟಿಯ ಅರ್ಜಿಗೆ ಮೊದಲ ಕಾಗದವೇ ನಾವು ಹೇಳುತ್ತಿರುವ ಈ ಚೀಟಿ.

ಕೊನೆಗೆ, ಇಲ್ಲಿ ಕೂಡಿರುವ ಸಣ್ಣ ವ್ಯಾಪಾರಸ್ಥ ಬಂಧುಗಳಿಗೆ ಎರಡು ಮಾತು. ನಿಮ್ಮಲ್ಲೂ ಒಬ್ಬನೋ ಇಬ್ಬರೋ ಆಳು ಇರುತ್ತಾರೆ, ಇಂಥ ಚೀಟಿ ನಿಮಗೂ ಬರುತ್ತದೆ. ಒಬ್ಬನೇ ಆಳಿದ್ದಲ್ಲಿ ಅವನು ಬಾರದಿದ್ದರೆ ಅಂಗಡಿಯ ಅರ್ಧ ಬಾಗಿಲು ಮುಚ್ಚಿದಂತೆಯೇ ಎಂಬುದು ನಮಗೆ ಗೊತ್ತು. ಆದರೂ ಆಳುಗಳು ಏಕೆ ಉದ್ದುದ್ದ ಬರೆಯುತ್ತಾರೆಂದು ಯೋಚಿಸಿರಿ. ನಂಬುವುದಿಲ್ಲವೆಂಬ ಅಂಜಿಕೆಯಿಂದ. “ಏನು ಜ್ವರ, ಎಷ್ಟು ಜ್ವರ, ನಿನ್ನೆ ಚೆನ್ನಾಗಿದ್ದೆಯಲ್ಲ” ಎಂದು ಮರುಪ್ರಶ್ನೆ ಹಾಕಿದಷ್ಟೂ ಮುಂದಿನ ಸಲ ಚೀಟಿ ಉದ್ದವಾಗುತ್ತದೆ. ಉದ್ದವಾದಷ್ಟೂ ಅದರಲ್ಲಿ ಸುಳ್ಳು ಸೇರುತ್ತದೆ. ಕೊನೆಗೆ ಸತ್ತ ಅಜ್ಜಿ ಮತ್ತೊಮ್ಮೆ ಸಾಯುತ್ತಾಳೆ. “ಆಗಲಿ, ಆರಾಮ ಮಾಡಿಕೋ, ಸಂಜೆ ತಿಳಿಸು” ಎಂದು ತಿರುಗಿ ಬರೆದು, ಹಾಜರಿ ಪುಸ್ತಕದಲ್ಲಿ ಆ ದಿನ “ಬೇನೆ” ಎಂದು ಗುರುತು ಹಾಕಿರಿ. ಮೇಲಿಂದ ಮೇಲೆ ಹೀಗಾಗುತ್ತಿದ್ದರೆ, ಅವನು ಗುಣವಾಗಿ ಬಂದ ಮೇಲೆ ಎದುರು ಕೂಡಿಸಿಕೊಂಡು ಕೇಳಿರಿ. ಜ್ವರದಲ್ಲಿ ಮಲಗಿದವನನ್ನು ಫೋನಿನಲ್ಲಿ ಕೇಳಬೇಡಿರಿ.

ಆ ಗುಮಾಸ್ತನಿಗೆ ಮೊನ್ನೆ ಮತ್ತೆ ಮೈ ಸರಿಯಿರಲಿಲ್ಲವಂತೆ. ನಾಲ್ಕು ಸಾಲು ಬರೆದು, ಕೀಲಿಯನ್ನು ತಮ್ಮನ ಕೈಯಲ್ಲಿ ಕಳಿಸಿದನಂತೆ. ಸಾಹುಕಾರರಿಂದ ಬಂದ ಉತ್ತರ ಒಂದೇ ಮಾತು: “ಆಗಲಿ.” ಅದನ್ನೂ ಅವನು ಅಳಿಸದೆ ಇಟ್ಟುಕೊಂಡಿದ್ದಾನೆ.